ಗೆಳತಿಯ ಮದುವೆಯಲ್ಲಿ ಚೀಫ್ ಬ್ರೈಡ್ಸ್‌ಮೇಡ್ ಆಗಲಾರೆ ಎಂದದ್ದು: ಕೋಲಾರದ ಒಂದು ಪ್ರಕರಣ

ಇಂಥ ಹಲವು ಪ್ರಸಂಗಗಳಲ್ಲಿ ಮತ್ತೆ ಮತ್ತೆ ಕಾಣಿಸುವುದನ್ನು ಸೇರಿಸಿ ಒಂದೇ ಪ್ರಕರಣವಾಗಿ ಇಲ್ಲಿ ಬರೆದಿದೆ. ಹಾಗಾಗಿ ಹೆಸರುಗಳಿಲ್ಲ, ‘ವಧು’ ಮತ್ತು ‘ಗೆಳತಿ’ ಎಂದಷ್ಟೇ ಕರೆದಿದೆ. ಇಬ್ಬರಿಗೂ ಇಪ್ಪತ್ತೇಳರ ಆಸುಪಾಸು. ಕೋಲಾರದಲ್ಲಿ ಪಿಯುಸಿಯಿಂದ ಬಿ.ಎಸ್ಸಿ.ವರೆಗೆ ಒಂದೇ ಬೆಂಚು. ವಧು ಕನ್ನಡ ಮಾತಾಡುವ ಪ್ರಾಟೆಸ್ಟೆಂಟ್ ಕ್ರೈಸ್ತ ಮನೆತನದವಳು, ಬೆಂಗಳೂರಿನಲ್ಲಿ ಕೆಲಸ. ಗೆಳತಿ ಹಿಂದೂ, ಊರಿನಲ್ಲೇ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಟೀಚರ್. ತಂದೆಗೆ ಕೋಲಾರದ ಹೊರಗೆ ಸ್ವಲ್ಪ ಜಮೀನಿದೆ. ಹಿಂದಿನ ವರ್ಷ ಕೊರೆಸಿದ ಬೋರ್‌ವೆಲ್ ಸಾವಿರದ ಇನ್ನೂರು ಅಡಿ ದಾಟಿದರೂ ನೀರು ಕಾಣಲಿಲ್ಲ. ಆ ಸಾಲದ ಕಂತು ಗೆಳತಿ ಮನೆಯಲ್ಲಿ ಹೇಳಿಕೊಡುವ ಟ್ಯೂಷನ್ ದುಡ್ಡಿನಿಂದ ಹೋಗುತ್ತಿದೆ.

ಮದುವೆ ಮೇ ತಿಂಗಳ ನಡುವಿನ ಒಂದು ಶನಿವಾರಕ್ಕೆ ಗೊತ್ತಾಯಿತು. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಲೆಂಟ್ ಕಾಲದಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಚರ್ಚ್ ಮದುವೆಗಳು ಒತ್ತರಿಸಿಕೊಂಡು ಬರುತ್ತವೆ. ಶಾಲೆಗೆ ಆಗ ಬೇಸಿಗೆ ರಜೆ. ‘ಟೀಚರ್ ಅಲ್ವಾ, ಫುಲ್ ಫ್ರೀ’ ಎಂದು ವಧು ಅಂದುಕೊಂಡದ್ದು ಸಹಜ. ಆದರೆ ಮುಂದಿನ ವರ್ಷದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೇಸಿಗೆ ಬ್ಯಾಚ್ ಶುರುವಾಗುವುದೂ ಆಗಲೇ. ಗೆಳತಿಗೆ ವರ್ಷದಲ್ಲಿ ಹೆಚ್ಚು ದುಡ್ಡು ಬರುವ ಎರಡು ತಿಂಗಳು ಅವು.

ಕೇಳಿದ್ದು ಜನವರಿ ಕೊನೆಯಲ್ಲಿ. ವಧು ಒಂದು ಅಲಂಕರಿಸಿದ ಪೆಟ್ಟಿಗೆ ತಂದಳು. ಒಳಗೆ ಬಳೆ, ಚಾಕೊಲೇಟು, ಚಿಕ್ಕ ಸೆಂಟಿನ ಬಾಟಲಿ, ‘ನನ್ನ ಚೀಫ್ ಬ್ರೈಡ್ಸ್‌ಮೇಡ್ ಆಗ್ತೀಯಾ?’ ಎಂದು ಬರೆದ ಕಾರ್ಡು. ಚರ್ಚ್ ಮದುವೆಯಲ್ಲಿ ವಧುವಿನ ಜೊತೆ ನಿಲ್ಲುವ ಗೆಳತಿಯರಲ್ಲಿ ಮುಖ್ಯಳಾದವಳು ಎಂದರ್ಥ. ವಧುವಿನ ಚಿಕ್ಕಪ್ಪನ ಮಗಳು ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದಳು. ಈಗ ಹೀಗೇ ಕೇಳುವುದು ಹೆಚ್ಚಾಗಿದೆ. ಕ್ಯಾಮೆರಾದ ಮುಂದೆ ಯಾರೂ ಇಲ್ಲ ಎನ್ನುವುದಿಲ್ಲ, ಹಾಗೆ ಎನ್ನಲೂಬಾರದು. ಗೆಳತಿ ನಕ್ಕಳು, ಅಪ್ಪಿಕೊಂಡಳು, “ಅಯ್ಯೋ, ನೋಡೋಣ ಕಣೇ” ಎಂದಳು. ಮುಂದಿನ ಮೂರು ವಾರದ ಕಷ್ಟವೆಲ್ಲ ಹುಟ್ಟಿದ್ದು ಆ ‘ನೋಡೋಣ’ದಿಂದ.

ಅವಳ ಮನಸ್ಸಿನಲ್ಲಿ ಅದು ಅರ್ಧ ‘ಇಲ್ಲ’. ಗೆಳತನದಲ್ಲಿ, ಅದೂ ಅಪ್ಪಿಕೊಂಡು ಹೇಳಿದಾಗ, ಅದು ಹೂಂ. ವಧು ಅವತ್ತು ಸಂಜೆಯೇ ವಾಟ್ಸಾಪ್ ಗ್ರೂಪ್ ಮಾಡಿ ಆರು ಜನರನ್ನು ಸೇರಿಸಿದಳು. ಗೆಳತಿಯನ್ನು ಅಡ್ಮಿನ್ ಮಾಡಿದಳು. ವಿಡಿಯೊ ಸ್ಟೇಟಸ್‌ಗೆ ಹೋಯಿತು. ವಧುವಿನ ತಾಯಿ ಅದನ್ನು ಊರಿನ ನೆಂಟರಿಗೆಲ್ಲ ಕಳಿಸಿದರು. ಇಷ್ಟಾದ ಮೇಲೆ ಇಲ್ಲ ಎಂದರೆ, ಬರೀ ಕೆಲಸ ಒಲ್ಲೆ ಅಂದಂತಾಗುವುದಿಲ್ಲ, ಕೊಟ್ಟ ಮಾತು ಹಿಂತೆಗೆದುಕೊಂಡಂತಾಗುತ್ತದೆ.

ಪೆಟ್ಟಿಗೆ ಕೈಗೆ ಬಂದಾಗ ಹೇಳಬಹುದಾಗಿದ್ದ ಮಾತು ಬೇರೆ ಇತ್ತು: “ನನ್ನನ್ನೇ ಕೇಳಿದೆಯಲ್ಲ, ತುಂಬಾ ಖುಷಿ ಆಯ್ತು ಕಣೇ. ಭಾನುವಾರ ಮನೆಗೆ ಬಾ, ಏನೇನು ಮಾಡ್ಬೇಕು ಅಂತ ಕೂತು ಮಾತಾಡೋಣ, ಅವತ್ತು ಹೇಳ್ತೀನಿ.” ಕೇಳಿದ್ದಕ್ಕೆ ಸಂತೋಷವನ್ನು ಪೂರ್ತಿ ತೋರಿಸಿದೆ, ಉತ್ತರಕ್ಕೆ ದಿನ ಗೊತ್ತು ಮಾಡಿದೆ. ವಿಡಿಯೊದಲ್ಲಿಯೂ ಕೆಟ್ಟದಾಗಿ ಕಾಣುವುದಿಲ್ಲ. ‘ಅವತ್ತು ಹೇಳ್ತೀನಿ’ ಎಂಬ ತುಣುಕು ಇದ್ದರೆ ಗ್ರೂಪ್ ಕೂಡ ಭಾನುವಾರದವರೆಗೆ ಕಾಯುತ್ತದೆ.

ಗೆಳತಿ ತನ್ನ ಅಮ್ಮನ ಹತ್ತಿರ ವಿಷಯ ತೆಗೆದಳು. ಅಮ್ಮನಿಗೆ ಅರ್ಥವೇ ಆಗಲಿಲ್ಲ. “ಮದುವೇಲಿ ಕಳಸ ಹಿಡಿಯೋಕೆ ಕರೆದ್ರೆ ಯಾರಾದ್ರೂ ಬರಲ್ಲ ಅಂತಾರಾ? ಒಳ್ಳೇ ಕೆಲಸಕ್ಕೆ ಕರೆದಿದಾರೆ, ಹೋಗಿ ನಿಂತ್ಕೋ.” ಆ ಹೋಲಿಕೆ ಒಂದು ಮಟ್ಟಿಗೆ ಸರಿ. ನಮ್ಮ ಕಡೆ ಮದುವೆಗಳಲ್ಲಿ ಕಳಸಗಿತ್ತಿಯಾಗಿ ನಿಲ್ಲುವವಳು ಸಾಮಾನ್ಯವಾಗಿ ಒಡಹುಟ್ಟಿದವಳು ಅಥವಾ ಹತ್ತಿರದ ಸಂಬಂಧಿ. ಅದು ಗೌರವ. ಆದರೆ ಆ ಕೆಲಸ ಧಾರೆಯ ಹೊತ್ತಿಗೆ ಶುರುವಾಗಿ ಅವತ್ತೇ ಮುಗಿಯುತ್ತದೆ. ಚೀಫ್ ಬ್ರೈಡ್ಸ್‌ಮೇಡ್ ಕೆಲಸ ಮೂರೂವರೆ ತಿಂಗಳು ಹಬ್ಬಿದೆ, ಮದುವೆಯ ದಿನ ಅದರ ಚಿಕ್ಕ ಭಾಗ. ಚರ್ಚಿನಲ್ಲಿ ವಧುವಿನ ಹಿಂದೆ ನಡೆಯುವುದು, ಮುಸುಕು ಮತ್ತು ಸೆರಗು ಸರಿಮಾಡುವುದು, ಪ್ರಮಾಣ ಹೇಳುವಾಗ ಹೂಗುಚ್ಛ ಹಿಡಿದುಕೊಳ್ಳುವುದು, ಬಹಳ ಕಡೆ ರಿಜಿಸ್ಟರಿಗೆ ಸಾಕ್ಷಿ ಸಹಿ ಹಾಕುವುದು: ಇದೆಲ್ಲ ಕಣ್ಣಿಗೆ ಕಾಣುತ್ತದೆ. ಕಾಣದ್ದು ಅದಕ್ಕೆ ಮುಂಚಿನದು. ಒಂದೇ ಬಣ್ಣದ ಸೀರೆಗೆ ಅಂಗಡಿ ಸುತ್ತುವುದು, ಉಳಿದ ಹುಡುಗಿಯರ ಅಳತೆ ಕೂಡಿಸುವುದು, ಮದುವೆಗೆ ಮುಂಚೆ ವಧುವಿಗಾಗಿ ಗೆಳತಿಯರು ಇಟ್ಟುಕೊಳ್ಳುವ ಬ್ರೈಡಲ್ ಶವರ್ ಪಾರ್ಟಿ ನಡೆಸುವುದು, ಡ್ಯಾನ್ಸ್ ಪ್ರಾಕ್ಟೀಸಿಗೆ ಎಲ್ಲರನ್ನೂ ಎಳೆದು ತರುವುದು, ವಧುವಿನ ಸಿಟ್ಟು ಅಳು ಎರಡನ್ನೂ ಹೊರುವುದು.

ಗೆಳತಿ ಆ ರಾತ್ರಿ ಲೆಕ್ಕ ಬರೆದಳು. ಹೀಗೆ ಬರೆಯುವುದು ವಧುವಿಗೆ ತೋರಿಸಲಿಕ್ಕಲ್ಲ, ತನಗೆ ಅನುಮಾನ ಉಳಿಯಬಾರದು ಅಂತ. ಸೀರೆ ವಧುವಿನ ಮನೆಯವರೇ ಕೊಡುತ್ತಾರೆ. ಇಂಗ್ಲೆಂಡಿನಲ್ಲಿ ಉಡುಪಿನ ಖರ್ಚು ಸಾಮಾನ್ಯವಾಗಿ ವಧುವಿನ ಕಡೆಯವರದು, ಅಮೆರಿಕದಲ್ಲಿ ಹೆಚ್ಚಾಗಿ ತೊಡುವವಳದೇ. ನಮ್ಮಲ್ಲಿ ಬಟ್ಟೆ ಅವರದು, ಹೊಲಿಗೆ ನಿಮ್ಮದು ಎಂಬ ನಡುದಾರಿ. ವರ್ಕ್ ಮಾಡಿಸಿದ ಬ್ಲೌಸಿಗೆ 3,500. ಮೇಕಪ್‌ಗೆ 4,000. ಚಪ್ಪಲಿ, ಬಾಡಿಗೆ ಒಡವೆ 2,000. ಶವರಿನಲ್ಲಿ ತನ್ನ ಪಾಲು ಮತ್ತು ಉಡುಗೊರೆ 8,000. ಬೆಂಗಳೂರು ಸುಮಾರು 70 ಕಿಲೋಮೀಟರ್. ಐದು ಸಲ ಹೋಗಿಬಂದರೆ ಬಸ್ಸು, ಆಟೊ, ಊಟ ಸೇರಿ 2,500. ಆ ಐದು ವಾರಾಂತ್ಯಗಳಲ್ಲಿ ಕೈತಪ್ಪುವ ಟ್ಯೂಷನ್ ಸುಮಾರು 10,000. ಒಟ್ಟು 30,000. ಅವಳ ಒಂದೂವರೆ ತಿಂಗಳ ಸಂಬಳ. ಕೊನೆಯ ಸಾಲನ್ನು, ಅಂದರೆ ಬಾರದೆ ಹೋಗುವ ದುಡ್ಡನ್ನು, ಬಹಳ ಜನ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಅದಕ್ಕೇ ‘ಹೇಗೋ ಆಗುತ್ತೆ’ ಅನ್ನಿಸುತ್ತದೆ, ಏಪ್ರಿಲ್ ಬಂದಾಗ ಆಗುವುದಿಲ್ಲ.

ಇಷ್ಟು ಗೊತ್ತಾದ ಮೇಲೂ ಅವಳು ನೇರ ಹೇಳಲಿಲ್ಲ. ಫೆಬ್ರವರಿ ಮೊದಲ ವಾರ ಫೋನಿನಲ್ಲಿ, “ಬೇಸಿಗೇಲೂ ಸ್ಕೂಲಿಗೆ ಬಾ ಅಂತಿದಾರೆ ಕಣೇ, ರಜೆ ಸಿಗುತ್ತೋ ಇಲ್ವೋ” ಎಂದಳು. ವಧು ಅರ್ಧ ನಿಮಿಷದಲ್ಲಿ ಅದನ್ನು ಬಗೆಹರಿಸಿದಳು: “ನಿಮ್ಮ ಹೆಡ್‌ಮೇಡಂ ನಮ್ಮ ಅತ್ತೆಗೆ ಗೊತ್ತು. ಒಂದು ಮಾತು ಹೇಳಿಸ್ತೀನಿ ಬಿಡು.” ನಾಲ್ಕು ದಿನ ಬಿಟ್ಟು ಗೆಳತಿ ಇನ್ನೊಂದು ತಂದಳು: ಬೆಂಗಳೂರಿಗೆ ಓಡಾಡೋದು ಕಷ್ಟ. “ನಾನೇ ಶನಿವಾರ ಊರಿಗೆ ಬರ್ತೀನಲ್ಲ, ವಾಪಸ್ ಹೋಗುವಾಗ ಕಾರಲ್ಲೇ ಕರ್ಕೊಂಡು ಹೋಗ್ತೀನಿ.” ಮೂರನೆಯದು: ಎಲ್ಲರ ಮುಂದೆ ನಿಲ್ಲೋಕೆ ಭಯ. “ಕ್ಲಾಸಲ್ಲಿ ಅರವತ್ತು ಮಕ್ಕಳ ಮುಂದೆ ನಿಲ್ತೀಯಲ್ಲೇ!”

ಈ ಪ್ರಕರಣದಲ್ಲಿ ಕಲಿಯಬೇಕಾದ ಒಂದೇ ವಿಷಯ ಯಾವುದು ಎಂದು ಯಾರಾದರೂ ಕೇಳಿದರೆ, ಅದು ಈ ಮೂರು ಫೋನುಗಳಲ್ಲಿದೆ. ಪರಿಹಾರ ಇರುವ ಕಾರಣ ಕೊಟ್ಟರೆ ಎದುರಿನವಳು ಪರಿಹಾರ ಕೊಡುತ್ತಾಳೆ. ಅವಳು ಒತ್ತಾಯ ಮಾಡುತ್ತಿಲ್ಲ, ಪ್ರೀತಿಯಿಂದ ಅಡ್ಡಿಗಳನ್ನು ತೆಗೆಯುತ್ತಿದ್ದಾಳೆ. ಪ್ರತಿ ಸಲವೂ ಅವಳ ಕೆಲಸ ಹೆಚ್ಚುತ್ತದೆ, ಅತ್ತೆಗೆ ಹೇಳಿಸಬೇಕು, ಕಾರಿನ ದಾರಿ ಬದಲಿಸಬೇಕು. ಕೊನೆಗೆ ಇಲ್ಲ ಎಂದಾಗ ಆ ಕೆಲಸವೆಲ್ಲ ವ್ಯರ್ಥವಾಗಿ, ‘ಇವಳಿಗೆ ಮೊದಲಿಂದಲೂ ಮನಸ್ಸಿರಲಿಲ್ಲ’ ಎಂಬುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಜೊತೆಗೆ ಕಾರಣಗಳು ಮೂರಾದರೆ ಒಂದೂ ನಿಜವಲ್ಲ ಅನ್ನಿಸುತ್ತದೆ. ತಪ್ಪಿಸಿಕೊಳ್ಳುವ ಕಾರಣಗಳು ವಾರಕ್ಕೊಂದರಂತೆ ಬದಲಾಗುತ್ತಿವೆಯೇ ಎಂದು ನೋಡಿಕೊಳ್ಳಿ. ಬದಲಾಗುತ್ತಿದ್ದರೆ ನೀವು ನಿರಾಕರಿಸುತ್ತಿಲ್ಲ, ಚೌಕಾಸಿ ಮಾಡುತ್ತಿದ್ದೀರಿ, ಅದರಲ್ಲಿ ಸೋಲುವವರೂ ನೀವೇ.

ಅಷ್ಟರಲ್ಲಿ ಇನ್ನೊಂದು ಎಡವಟ್ಟು ಬೆಳೆಯುತ್ತಿತ್ತು. ಗೆಳತಿ ಗ್ರೂಪಿನಲ್ಲಿ ಮಾತಾಡುವುದು ನಿಲ್ಲಿಸಿದ್ದಳು. ಸೀರೆ ಬಣ್ಣದ ಫೋಟೊಗಳಿಗೆ ಹೆಬ್ಬೆರಳಿನ ಗುರುತು ಮಾತ್ರ. ವಧುವಿನ ತಾಯಿಗೆ ಅನುಮಾನ ಬಂತು: ಹಿಂದೂ ಹುಡುಗಿ, ಚರ್ಚಿನಲ್ಲಿ ಆರಾಧನೆಯ ಹೊತ್ತಿಗೆ ಮುಂದೆ ನಿಲ್ಲಬೇಡ ಎಂದು ಮನೆಯಲ್ಲಿ ಹೇಳಿರಬೇಕು. ಗೆಳತಿಯ ತಲೆಯಲ್ಲಿ ಆ ವಿಚಾರವೇ ಇರಲಿಲ್ಲ, ಕ್ರಿಸ್‌ಮಸ್‌ಗೆ ಅವರ ಮನೆ ಕೇಕು ತಿಂದು ಬೆಳೆದವಳು. ಆದರೆ ನಿಜವಾದ ಕಾರಣ ಹೇಳದೆ ಬಿಟ್ಟ ಜಾಗದಲ್ಲಿ ಜನ ತಮಗೆ ಹೆಚ್ಚು ನೋವಾಗುವ ಕಾರಣವನ್ನೇ ತುಂಬಿಕೊಳ್ಳುತ್ತಾರೆ. ಜಾತಿ, ಧರ್ಮ, ಹೊಟ್ಟೆಕಿಚ್ಚು, ಇವಳಿಗಿನ್ನೂ ಮದುವೆ ಆಗಿಲ್ಲ ಎಂಬುದು, ಈ ನಾಲ್ಕರಲ್ಲಿ ಒಂದು. ಸಾಲದ ವಿಷಯ ಹೇಳಲು ನಾಚಿಕೆಪಟ್ಟು ಅವಳು ಇನ್ನೂ ಕೆಟ್ಟದ್ದಕ್ಕೆ ದಾರಿ ಮಾಡಿದ್ದಳು.

ಫೆಬ್ರವರಿ ಮೂರನೇ ವಾರ ಅವಳು ನಿಶ್ಚಯ ಮಾಡಿದಳು. ಆಗಿನ್ನೂ ಏನೇನು ಆಗಿರಲಿಲ್ಲ ಎಂಬುದು ಮುಖ್ಯ. ಸೀರೆಗಳ ಬಣ್ಣ ಆರಿಸಿದ್ದರು, ಕೊಂಡಿರಲಿಲ್ಲ. ಬ್ಲೌಸ್ ಬಟ್ಟೆಗೆ ಕತ್ತರಿ ಬಿದ್ದಿರಲಿಲ್ಲ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗಿರಲಿಲ್ಲ. ಭಾನುವಾರದ ಆರಾಧನೆಯಲ್ಲಿ ಮೂರು ವಾರ ಓದುವ ಮದುವೆ ಪ್ರಕಟಣೆ ಏಪ್ರಿಲ್‌ನಲ್ಲಿ. ಕತ್ತರಿ ಬೀಳುವುದಕ್ಕೆ ಮುಂಚೆ ಹೇಳಿದರೆ ಬೇರೊಬ್ಬಳು ಆ ಜಾಗಕ್ಕೆ ಬರಬಹುದು. ಆಮೇಲೆ ಹೇಳಿದರೆ ಬಂದವಳು ಇನ್ನೊಬ್ಬಳ ಅಳತೆಯ ಬ್ಲೌಸಿಗೆ ಪಕ್ಕದಲ್ಲಿ ಹೊಲಿಗೆ ಬಿಚ್ಚಿಸಿಕೊಂಡು ನಿಲ್ಲಬೇಕಾಗುತ್ತದೆ, ಆ ಇಡೀ ಮದುವೆ ಫೋಟೊಗಳಲ್ಲಿ ಅದು ಉಳಿಯುತ್ತದೆ. ದಿನಗಳ ಲೆಕ್ಕಕ್ಕಿಂತ ಇದನ್ನು ನೋಡುವುದು ಮೇಲು.

ಎಲ್ಲಿ ಹೇಳುವುದು? ವಾಟ್ಸಾಪ್ ಬೇಡ ಎಂಬುದು ಎಲ್ಲರಿಗೂ ಗೊತ್ತು. ವಧುವಿನ ಮನೆಯೂ ಬೇಡ. ಅಲ್ಲಿ ಅತ್ತಿಗೆ, ಚಿಕ್ಕಮ್ಮ, ಕಾಫಿ, ಪಕ್ಕದ ಮನೆಯ ಆಂಟಿ. ಕೇಳಿದವಳಿಗೆ ಅಳು ಬಂದರೆ ಹೋಗಲು ಜಾಗವಿಲ್ಲ. ಹೋಟೆಲ್ಲಿನಲ್ಲಿ ಹೇಳಿದರೆ ದೋಸೆ ಬರುವ ಹೊತ್ತಿಗೇ ಮಾತು ಕೆಡುತ್ತದೆ. ಕೇಳಿಸಿಕೊಳ್ಳುವವಳು ತನಗೆ ಸಾಕೆನಿಸಿದಾಗ ಎದ್ದು ಹೋಗಲು ಆಗುವ ಜಾಗ ಬೇಕು. ಗೆಳತಿ ತನ್ನ ಮನೆಯ ಮಹಡಿ ಆರಿಸಿದಳು, ಭಾನುವಾರ ನಾಲ್ಕು ಗಂಟೆ. ವಧು ತನ್ನ ಸ್ಕೂಟಿಯಲ್ಲಿ ಬಂದಿದ್ದಳು. ಕರೆಯುವಾಗಲೂ “ಸುಮ್ನೆ ಬಾ” ಎನ್ನಲಿಲ್ಲ, “ಮದುವೆ ವಿಷಯ ಒಂದು ಮಾತಾಡ್ಬೇಕು, ಒಬ್ಬಳೇ ಬಾ” ಎಂದಿದ್ದಳು. ಸುಮ್ಮನೆ ಎಂದು ಕರೆದಿದ್ದರೆ ವಧು ಸೀರೆಯ ಸ್ಯಾಂಪಲ್ಲುಗಳ ಜೊತೆ ಬರುತ್ತಿದ್ದಳು.

ಅವಳು ಆಡಿದ ಮಾತು ಸುಮಾರಾಗಿ ಹೀಗೆ:

“ಒಂದು ವಿಷಯ ನೇರವಾಗಿ ಹೇಳ್ತೀನಿ ಕಣೇ. ನಾನು ನಿನ್ನ ಚೀಫ್ ಬ್ರೈಡ್ಸ್‌ಮೇಡ್ ಆಗೋಕಾಗಲ್ಲ. ಅವತ್ತೇ ಹೇಳ್ಬೇಕಿತ್ತು, ನೋಡೋಣ ಅಂದ್ಬಿಟ್ಟು ನಿನ್ನ ಕಾಯಿಸಿದೆ, ತಪ್ಪಾಯ್ತು. ಸ್ಕೂಲು, ಬಸ್ಸು ಅಂದಿದ್ದೆಲ್ಲ ನೆಪ. ಅಪ್ಪನ ಬೋರ್‌ವೆಲ್ ಸಾಲದ ಕಂತು ನನ್ನ ಟ್ಯೂಷನ್ ದುಡ್ಡಲ್ಲೇ ಹೋಗ್ತಿದೆ. ಏಪ್ರಿಲ್, ಮೇ ಶನಿವಾರ ಭಾನುವಾರ ಬಿಡೋ ಹಂಗಿಲ್ಲ.”

ಇಷ್ಟೇ. ಮೊದಲ ಎರಡು ವಾಕ್ಯದೊಳಗೆ ‘ಆಗಲ್ಲ’ ಬಂದುಬಿಟ್ಟಿದೆ. ಪೀಠಿಕೆ ಉದ್ದವಾದಷ್ಟೂ ಎದುರಿನವಳು ಕೆಟ್ಟದ್ದನ್ನೇ ಊಹಿಸುತ್ತಾಳೆ, ಯಾರಿಗೋ ಕಾಯಿಲೆ, ಯಾವುದೋ ಜಗಳ. ಕ್ಷಮೆ ಒಂದೇ ಸಲ ಕೇಳಿದ್ದಾಳೆ, ಅದೂ ಇಲ್ಲ ಎಂದದ್ದಕ್ಕಲ್ಲ, ತಡ ಮಾಡಿದ್ದಕ್ಕೆ. ಆಗದ ಕೆಲಸಕ್ಕೆ ಮತ್ತೆ ಮತ್ತೆ ಸಾರಿ ಕೇಳಿದರೆ ಕೊನೆಗೆ ವಧುವೇ ಇವಳನ್ನು ಸಮಾಧಾನ ಮಾಡಬೇಕಾಗುತ್ತದೆ. ಹಿಂದಿನ ನೆಪಗಳನ್ನು ನೆಪ ಎಂದು ತಾನೇ ಹೇಳಿದ್ದು ಒಳ್ಳೆಯದಾಯಿತು. ಹೆಡ್‌ಮೇಡಂಗೆ ಅತ್ತೆಯಿಂದ ಮಾತು ಆಗಲೇ ಹೋಗಿತ್ತು, ಅದು ಹೇಗೂ ಹೊರಬೀಳುತ್ತಿತ್ತು.

ವಧುವಿನ ಮೊದಲ ಮಾತು ನಿರೀಕ್ಷಿಸಿದ್ದೇ: “ದುಡ್ಡಿಗೇನೇ ಇಷ್ಟೊಂದು? ನಾನು ಹಾಕ್ಕೊಳ್ತೀನಿ, ಬ್ಲೌಸು ಮೇಕಪ್ ಎಲ್ಲ ನಂದು.”

“ನೀನು ಕೊಡ್ತೀಯ, ಗೊತ್ತು. ಅದಕ್ಕೇ ಬಾಯಿ ಬರಲಿಲ್ಲ. ದುಡ್ಡು ತಗೊಂಡು ನಿನ್ನ ಪಕ್ಕ ನಿಂತ್ರೆ ನಂಗೆ ಅದೇ ತಲೇಲಿರುತ್ತೆ. ಬೇಡ ಕಣೇ. ಮತ್ತೆ ಕ್ಲಾಸ್ ದಿನಗಳನ್ನ ನೀನು ಕೊಡೋಕಾಗಲ್ವಲ್ಲ.”

ಈ ಉತ್ತರವನ್ನು ಮೊದಲೇ ಯೋಚಿಸಿಟ್ಟುಕೊಂಡಿರಬೇಕು. ನಿಜ ಕಾರಣಕ್ಕೂ ವಧು ಪರಿಹಾರ ಕೊಡುತ್ತಾಳೆ, ಅದಕ್ಕೆ ಉತ್ತರವಿಲ್ಲದಿದ್ದರೆ ನಿಜವೂ ನಾಲ್ಕನೇ ನೆಪವಾಗಿಬಿಡುತ್ತದೆ. ಇಲ್ಲಿ ಅವಳು ಎರಡು ಕೆಲಸ ಮಾಡಿದಳು. ಕೊಡುವ ಮನಸ್ಸನ್ನು ಒಪ್ಪಿಕೊಂಡಳು, ಕೊಡಲು ಬಾರದ್ದೊಂದನ್ನು ತೋರಿಸಿದಳು. ನಿಮ್ಮ ಕಾರಣದಲ್ಲಿ ಅಂಥದ್ದೊಂದು ಇದೆಯೇ ಎಂದು ಹುಡುಕಿ ನೋಡಿ, ಹೆಚ್ಚಾಗಿ ಇರುತ್ತದೆ. ಇಲ್ಲದಿದ್ದರೆ “ಬೇಡ, ನಂಗೆ ಒಗ್ಗಲ್ಲ” ಎಂಬಷ್ಟಕ್ಕೇ ನಿಲ್ಲಿಸಬೇಕು. ಹೊಸ ಕಾರಣ ಹುಡುಕಲು ಹೋಗಬಾರದು.

ಆಮೇಲೆ ವಧು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ, “ಸರಿ, ಹಂಗಾದ್ರೆ ನಾರ್ಮಲ್ ಬ್ರೈಡ್ಸ್‌ಮೇಡ್ ಆದ್ರೂ ಆಗು” ಎಂದಳು. ಇದು ದೊಡ್ಡ ಗುಂಡಿ. ಚೌಕಾಸಿಯಲ್ಲಿ ಅರ್ಧಕ್ಕೆ ಒಪ್ಪಿದಂತೆ ಕಾಣುತ್ತದೆ, ಮನಸ್ಸು ಕರಗುತ್ತದೆ. ಆದರೆ ಲೆಕ್ಕದ ಚೀಟಿ ತೆಗೆದರೆ ಬ್ಲೌಸು, ಮೇಕಪ್, ಶವರಿನ ಪಾಲು, ಪ್ರಾಕ್ಟೀಸು ಎಲ್ಲ ಹಾಗೇ ಇದೆ, ಹೋದದ್ದು ಹೂಗುಚ್ಛ ಹಿಡಿಯುವುದು ಮಾತ್ರ. ಜೊತೆಗೆ ಅವಳ ಜಾಗಕ್ಕೆ ಬಂದ ಹುಡುಗಿಯ ಹಿಂದೆ ನಿಂತು ದಿನವಿಡೀ ‘ನೀನಲ್ವಾ ಆಗ್ಬೇಕಿದ್ದಿದ್ದು?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಗೆಳತಿ ಅದಕ್ಕೂ ಇಲ್ಲ ಎಂದಳು. ಪಾತ್ರವನ್ನು ಬಿಡುವುದಾದರೆ ಇಡಿಯಾಗಿ ಬಿಡಬೇಕು.

“ಹಂಗಾದ್ರೆ ಮದುವೆಗೂ ಬರಲ್ವಾ?” ವಧು ಕೇಳಿದ ಈ ಪ್ರಶ್ನೆಯಲ್ಲಿ ಕೋಪ ಇತ್ತು, ಆದರೆ ಒಳಗಿನ ಭಯವೂ ಅದೇ. ಅಲ್ಲಿಯವರೆಗೆ ಗೆಳತಿ ತಾನೇನು ಮಾಡಿಕೊಡಬಲ್ಲೆ ಎಂಬ ಮಾತನ್ನು ತೆಗೆದಿರಲಿಲ್ಲ, ಅದು ಸರಿಯಾಗಿತ್ತು. ಇಲ್ಲ ಎಂದ ಉಸಿರಿನಲ್ಲೇ ‘ಆದ್ರೆ ಇದು ಮಾಡ್ಕೊಡ್ತೀನಿ’ ಎಂದರೆ ಇಲ್ಲ ಎಂಬುದು ಕಿವಿಗೆ ಬೀಳುವುದಿಲ್ಲ, ಬೆಲೆ ಮಾತಾಡಿದಂತೆ ಕೇಳುತ್ತದೆ. ಈಗ ಹೇಳಿದಳು, ಎರಡೇ ಎರಡು.

ಒಂದು, ಚರ್ಚಿನಲ್ಲಿ ಹಂಚುವ ವಿವಾಹ ಆರಾಧನಾ ಕ್ರಮದ ಪುಸ್ತಿಕೆ. ಕೀರ್ತನೆಗಳು, ವಾಕ್ಯಪಾಠ, ಪ್ರಮಾಣ ಎಲ್ಲ ಕನ್ನಡದಲ್ಲಿ ಅಚ್ಚಾಗುತ್ತದೆ. ಡಿಟಿಪಿಯಲ್ಲಿ ಒತ್ತಕ್ಷರಗಳು ಎಲ್ಲೆಲ್ಲಿಗೋ ಹೋಗುತ್ತವೆ. ಅದರ ಕರಡು ತಿದ್ದುವುದು ತನ್ನ ಕೆಲಸ, ಏಪ್ರಿಲ್ 20ರೊಳಗೆ ಎರಡು ಸಲ ಓದಿ ಕೊಡುತ್ತೇನೆ ಎಂದಳು. ರಾತ್ರಿ ಕೂತು ಮಾಡುವಂಥದ್ದು, ಟ್ಯೂಷನ್ ಕೆಡುವುದಿಲ್ಲ. ಇನ್ನೊಂದು, ರಿಜಿಸ್ಟರಿನ ಸಾಕ್ಷಿ ಸಹಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಗೆ ಮದುವೆ ನಡೆಸಿಕೊಡುವವರನ್ನು ಬಿಟ್ಟು ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ವರನ ಪಕ್ಕ ನಿಲ್ಲುವ ಬೆಸ್ಟ್ ಮ್ಯಾನ್, ಚೀಫ್ ಬ್ರೈಡ್ಸ್‌ಮೇಡ್ ಎಂಬ ಪಾತ್ರಗಳು ಕಾಯ್ದೆಯಲ್ಲಿಲ್ಲ. ರೂಢಿಯಲ್ಲಿ ಅವರೇ ಸಹಿ ಹಾಕುತ್ತಾರೆ ಅಷ್ಟೆ. ಹಾಗಾಗಿ ಬೇರೆಯವರೂ ಹಾಕಬಹುದು. ಸಾಕ್ಷಿ ಯಾರಿರಬೇಕು ಎಂಬುದರಲ್ಲಿ ಒಂದೊಂದು ಚರ್ಚಿಗೂ ತನ್ನದೇ ಪದ್ಧತಿ ಇರುವುದುಂಟು, ಅದಕ್ಕಾಗಿ ವಧು ಚರ್ಚಿನ ಸಭಾಪಾಲಕರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆದಳು. ಹತ್ತು ನಿಮಿಷದ ಕೆಲಸ, ಆದರೆ ಆ ಹೆಸರು ರಿಜಿಸ್ಟರಿನಲ್ಲಿ ಶಾಶ್ವತವಾಗಿ ಇರುತ್ತದೆ. ಮೊದಲನೆಯದು ವಧುವಿನ ಹೊರೆ ನಿಜವಾಗಿ ಇಳಿಸಿತು, ಎರಡನೆಯದು ‘ನೀನು ನನ್ನವಳು’ ಎಂಬುದಕ್ಕೆ ಗುರುತಾಯಿತು. ಎರಡೂ ಬೇಕಾಗಿತ್ತು. ಕೆಲಸವಿಲ್ಲದ ಗೌರವವಾಗಲಿ ಗೌರವವಿಲ್ಲದ ಕೆಲಸವಾಗಲಿ ಒಂಟಿಯಾಗಿ ಕೊಟ್ಟಿದ್ದರೆ ನಿಲ್ಲುತ್ತಿರಲಿಲ್ಲ.

‘ಏನ್ ಬೇಕಾದ್ರೂ ಕೇಳು, ಮಾಡ್ತೀನಿ’ ಎಂದು ಅವಳು ಅನ್ನಲಿಲ್ಲ. ನೋವು ಮಾಡಿದ ಮುಜುಗರದಲ್ಲಿ ಬಾಯಿಗೆ ತಾನಾಗಿ ಬರುವ ಮಾತು ಅದು. ಹಾಗೆಂದವರು ಏಪ್ರಿಲ್‌ನಲ್ಲಿ ಎರಡನೇ ಸಲ ಇಲ್ಲ ಎನ್ನಬೇಕಾಗುತ್ತದೆ. ಎರಡನೇ ಇಲ್ಲಕ್ಕೆ ಕ್ಷಮೆ ಕಡಿಮೆ.

ಇನ್ನೊಂದನ್ನೂ ಅವಳು ಹೇಳಲಿಲ್ಲ: ‘ನಿನ್ನ ಚಿಕ್ಕಪ್ಪನ ಮಗಳು ಇದಾಳಲ್ಲ, ಅವಳನ್ನ ಮಾಡ್ಕೋ.’ ಬದಲಿ ಹೆಸರು ಸೂಚಿಸುವುದು ಸಹಾಯ ಅನ್ನಿಸುತ್ತದೆ. ಕೇಳುವವಳಿಗೆ ‘ಯಾರಾದರೇನು’ ಎಂದಂತಾಗುತ್ತದೆ. ವಧು ತಾನೇ ಯೋಚಿಸಿ ವಾರದ ನಂತರ ಅದೇ ಹುಡುಗಿಯನ್ನು ಕೇಳಿದಳು.

ಆ ಹುಡುಗಿಯ ಕಡೆಯಿಂದಲೂ ನೋಡಬೇಕು. ವಿಡಿಯೊ ತೆಗೆದವಳೇ ಅವಳು, ತಾನು ಎರಡನೆಯವಳು ಎಂದು ಅವಳಿಗೆ ಗೊತ್ತು. ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. ವಧುವೂ ಗೆಳತಿಯೂ ಮಹಡಿಯ ಮೇಲೆಯೇ ಒಂದು ವಾಕ್ಯ ಗೊತ್ತು ಮಾಡಿಕೊಂಡಿದ್ದರು: ‘ಬೇಸಿಗೆ ಕ್ಲಾಸ್ ಇರೋದ್ರಿಂದ ನಾನು ಆಗ್ತಿಲ್ಲ, ಸಾಕ್ಷಿಗೆ ನಾನಿರ್ತೀನಿ.’ ಸಾಲದ ವಿಷಯ ಇಬ್ಬರಲ್ಲೇ ಉಳಿಯಿತು. ವಾಕ್ಯ ಸುಳ್ಳಲ್ಲ, ಪೂರ್ತಿಯೂ ಅಲ್ಲ, ಆರು ಜನರ ಗ್ರೂಪಿಗೆ ಅಷ್ಟು ಸಾಕು. ಗೆಳತಿಯೇ ಅದನ್ನು ಗ್ರೂಪಿನಲ್ಲಿ ಬರೆದಳು, ಹೊಸ ಹುಡುಗಿಯನ್ನು ಅಡ್ಮಿನ್ ಮಾಡಿದಳು, ಎರಡು ದಿನ ಬಿಟ್ಟು ಹೇಳಿ ಹೊರಬಂದಳು. ಹೇಳದೆ ‘ಲೆಫ್ಟ್’ ಆಗಿದ್ದರೆ ಆ ಒಂದು ಸಾಲು ಹತ್ತು ಫೋನುಗಳಿಗೆ ಕಾರಣವಾಗುತ್ತಿತ್ತು. ಇಬ್ಬರೂ ಒಂದೇ ಮಾತು ಹೇಳಬೇಕೆಂದು ಗೊತ್ತು ಮಾಡಿಕೊಳ್ಳುವುದನ್ನು ಬಹಳ ಜನ ಮರೆಯುತ್ತಾರೆ. ವಧು ಒಂದು ಹೇಳಿ, ಇವಳು ಇನ್ನೊಂದು ಹೇಳಿ, ಮೂರನೆಯವರು ಎರಡನ್ನೂ ಕೂಡಿಸಿ ಕತೆ ಕಟ್ಟುತ್ತಾರೆ.

ವಧುವಿನ ತಾಯಿಯ ಅನುಮಾನ ಹಾಗೇ ಉಳಿದಿತ್ತು. ಮಗಳು ಹೇಳಿದರೂ ನಂಬಿರಲಿಲ್ಲ. ಗೆಳತಿ ಒಂದು ಸಂಜೆ ಹಣ್ಣು ತೆಗೆದುಕೊಂಡು ಅವರ ಮನೆಗೇ ಹೋದಳು. ಅವರು ಸುತ್ತಿ ಬಳಸದೆ ಕೇಳಿದರು: “ನಿಮ್ಮ ಮನೇಲಿ ಚರ್ಚಲ್ಲಿ ನಿಲ್ಲಬೇಡ ಅಂದ್ರೇನಮ್ಮಾ?”

“ಇಲ್ಲ ಆಂಟಿ. ಅಮ್ಮ ಹೋಗಿ ನಿಂತ್ಕೋ ಅಂತಾನೇ ಬೈದ್ರು. ನನ್ನ ಕ್ಲಾಸಿನ ಕಷ್ಟ ಅಷ್ಟೇ. ಅವತ್ತು ರಿಜಿಸ್ಟರಿಗೆ ಸಹಿ ಹಾಕೋಳು ನಾನೇ, ಅಮ್ಮ ಅಪ್ಪಾನೂ ಬರ್ತಾರೆ.”

ಅನುಮಾನಕ್ಕೆ ಹೆಸರಿಟ್ಟು ಕೇಳಿದಾಗ ಹೆಸರಿಟ್ಟೇ ಇಲ್ಲ ಎನ್ನಬೇಕು. ‘ಛೇ ಹಂಗೇನಿಲ್ಲ ಆಂಟಿ’ ಎಂದಷ್ಟೇ ನುಣುಚಿಕೊಂಡಿದ್ದರೆ ಅವರು ಹೌದು ಎಂದೇ ತಿಳಿಯುತ್ತಿದ್ದರು. ಅಪ್ಪ ಅಮ್ಮ ಬರುತ್ತಾರೆ ಎಂಬ ಮಾತು ಅಲ್ಲಿ ಹೆಚ್ಚು ಕೆಲಸ ಮಾಡಿತು. ಬರದಿದ್ದರೆ ಎಲ್ಲವೂ ಮೊದಲಿನ ಜಾಗಕ್ಕೇ ಬರುತ್ತಿತ್ತು, ಅದಕ್ಕೇ ಅವಳು ಮನೆಯಲ್ಲಿ ಕೇಳಿಕೊಂಡೇ ಹೊರಟಿದ್ದಳು.

ನೋವಾಗಲಿಲ್ಲವೇ? ಆಯಿತು. ವಧು ಸುಮಾರು ಎರಡು ವಾರ ಒಂದೊಂದು ಪದದ ಉತ್ತರ ಕೊಟ್ಟಳು. ಹೂಂ, ಸರಿ, ನೋಡ್ತೀನಿ. ಗೆಳತಿ ‘ಕೋಪಾನಾ?’ ಎಂದು ಕೆದಕಲಿಲ್ಲ, ದಿನಾ ಗುಡ್ ಮಾರ್ನಿಂಗ್ ಕಳಿಸಿ ಅಂಗಲಾಚಲೂ ಇಲ್ಲ. ನೋಯಿಸದೆ ನಿರಾಕರಿಸುವುದು ಎಂದರೆ ಸ್ವಲ್ಪವೂ ಬೇಸರವಾಗದಂತೆ ಎಂದು ತಿಳಿದರೆ ಈ ಎರಡು ವಾರ ತಡೆಯಲಾಗುವುದಿಲ್ಲ, ಗಾಬರಿಯಲ್ಲಿ ಮತ್ತೆ ಒಪ್ಪಿಬಿಡುವವರಿದ್ದಾರೆ. ಮಾರ್ಚ್ ಕೊನೆಯಲ್ಲಿ ಕರಡು ಬಂತು, ಅವಳು ಮೂರನೇ ದಿನಕ್ಕೆ ತಿದ್ದಿ ಕಳಿಸಿದಳು. ವರನ ತಂದೆಯ ಹೆಸರಿನಲ್ಲೇ ಅಕ್ಷರ ತಪ್ಪಿತ್ತು. ಅವತ್ತು ರಾತ್ರಿ ವಧು ಫೋನ್ ಮಾಡಿ ಮುಕ್ಕಾಲು ಗಂಟೆ ಅತ್ತೆಯಾಗುವವರ ಮೇಲೆ ದೂರು ಹೇಳಿದಳು. ಬೇಸರ ಇಳಿಯಿತೇ ಎಂದು ತಿಳಿಯಲು ಇದಕ್ಕಿಂತ ನಂಬಿಕೆಯ ಗುರುತಿಲ್ಲ. ಮರ್ಯಾದೆಯಿಂದ ಮಾತಾಡುತ್ತಿದ್ದರೆ ಇನ್ನೂ ಇಳಿದಿಲ್ಲ ಎಂದೇ ಅರ್ಥ.

ಕೇಳಿದ್ದು ಬೆಸ್ಟ್ ಮ್ಯಾನ್ ಆಗಲು ಎಂದಿದ್ದರೆ ಏನು ಬದಲಾಗುತ್ತಿತ್ತು? ಖರ್ಚಿನ ಚೀಟಿಯಲ್ಲಿ ಬ್ಲೌಸು ಹೋಗಿ ಸೂಟು ಬರುತ್ತದೆ, ಉಂಗುರ ಜೋಪಾನ ಮಾಡುವುದು, ರಿಸೆಪ್ಷನ್ನಿನಲ್ಲಿ ಎರಡು ಮಾತಾಡುವುದು ಸೇರುತ್ತದೆ. ಕೆಡುವ ಬಗೆ ಮಾತ್ರ ಬೇರೆ. ಹುಡುಗರು ತಮಾಷೆಯಲ್ಲಿ ಇಲ್ಲ ಎನ್ನುತ್ತಾರೆ: “ನಾನ್ಯಾಕೋ ಮಗಾ, ಕೋಟ್ ಹಾಕಿದ್ರೆ ವೇಯ್ಟರ್ ಥರ ಕಾಣ್ತೀನಿ.” ಎದುರಿನವನು ನಕ್ಕು “ಸುಮ್ನಿರೋ” ಎನ್ನುತ್ತಾನೆ. ಅವನ ಲೆಕ್ಕದಲ್ಲಿ ಅಲ್ಲಿಗೆ ಒಪ್ಪಿಗೆಯಾಯಿತು. ಇಂಥವರಿಗೆ ಒಂದೇ ಸಲಹೆ. ಗೆಳೆಯರ ಗುಂಪಿನಲ್ಲಿ, ಅದರಲ್ಲೂ ಗ್ಲಾಸು ಕೈಯಲ್ಲಿದ್ದಾಗ ಈ ವಿಷಯ ಎತ್ತಬೇಡಿ. ಬೈಕಿನಲ್ಲಿ ಇಬ್ಬರೇ ಹೋಗಿ ಅಂತರಗಂಗೆ ಬೆಟ್ಟದ ಬುಡದಲ್ಲಿ ನಿಲ್ಲಿಸಿ, ನಗದೆ ಹೇಳಿ.

ಮದುವೆಯ ದಿನದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಗೆಳತಿ ಬ್ರೈಡ್ಸ್‌ಮೇಡ್‌ಗಳ ಸೀರೆಯ ಬಣ್ಣಕ್ಕೆ ಹತ್ತಿರವಿಲ್ಲದ ಸೀರೆ ಉಟ್ಟು ಹೋದಳು, ಇದನ್ನು ವಧುವಿನ ಹತ್ತಿರ ಮೊದಲೇ ಕೇಳಿಕೊಂಡಿದ್ದಳು. ಮೂರನೇ ಸಾಲಿನ ಬೆಂಚಿನಲ್ಲಿ ಅಪ್ಪ ಅಮ್ಮನ ಜೊತೆ ಕೂತಳು. ಸಹಿಗೆ ಕರೆದಾಗ ಎದ್ದು ಹೋದಳು. ಮುಯ್ಯಿಯಾಗಿ ಲಕೋಟೆಯಲ್ಲಿಟ್ಟಿದ್ದು 1,001 ರೂಪಾಯಿ. ತಪ್ಪಿಗೆ ದಂಡ ಕಟ್ಟುವಂತೆ ದೊಡ್ಡ ಉಡುಗೊರೆ ಕೊಡಬೇಕು ಎಂದು ಅವಳಿಗೂ ಒಮ್ಮೆ ಅನ್ನಿಸಿತ್ತು, ಚಿನ್ನದ ಅಂಗಡಿಯಲ್ಲಿ ಎರಡು ಗ್ರಾಂ ಓಲೆ ನೋಡಿಯೂ ಬಂದಿದ್ದಳು. ಕೊಂಡಿದ್ದರೆ ಕಂತು ತಪ್ಪುತ್ತಿತ್ತು, ದುಡ್ಡಿಲ್ಲ ಎಂದು ಮಹಡಿಯ ಮೇಲೆ ಹೇಳಿದ ಮಾತೂ ಸುಳ್ಳಾಗುತ್ತಿತ್ತು.